ವೈಯಕ್ತಿಕ ಕೊಡುಗೆದಾರ ಪುಟ್ಟರಾಜು

ಮದ್ದೂರು ತಾಲ್ಲೂಕಿನ ಕೊಪ್ಪದಲ್ಲಿ ಪುಟ್ಟರಾಜು ಎಂದು ಕೂಗಿದರೆ ಕಡಿಮೆಯೆಂದರೂ ಹತ್ತು ಜನ ತಿರುಗಿ ನೋಡುತ್ತಾರೆ. ಡೇರಿ ಪುಟ್ಟರಾಜು, ಟ್ರ್ಯಾಕ್ಟರ್ ಪುಟ್ಟರಾಜು, ಮೂಲೆಮನೆ ಪುಟ್ಟರಾಜು, ಹೀಗೆ ಒಬ್ಬೊಬ್ಬರಿಗೂ ಒಂದೊಂದು ಬಾಲ. ನಮ್ಮವನದು ಮೇನೇಜರ್ ಪುಟ್ಟರಾಜು. ಹನ್ನೊಂದು ವರ್ಷದಿಂದ ಆ ಬಾಲ ಅವನ ಹೆಸರಿಗೆ ಎಷ್ಟು ಗಟ್ಟಿಯಾಗಿ ಅಂಟಿಕೊಂಡಿತ್ತೆಂದರೆ, ಅವನ ಹಟ್ಟಿಯ ಎಮ್ಮೆಯನ್ನೂ ಜನ ಮೇನೇಜರ್ ಎಮ್ಮೆ ಎಂದೇ ಕರೆಯುತ್ತಿದ್ದರು. ಎಮ್ಮೆಗೂ ಅದರಿಂದ ಸ್ವಲ್ಪ ಗತ್ತು ಬಂದಿತ್ತು.

ಹಸುಸಿರಿ ಎಂಬ ಪಶು ಆಹಾರದ ಕಂಪನಿಗೆ ಅವನು ಮದ್ದೂರು ಪ್ರದೇಶದ ವ್ಯವಸ್ಥಾಪಕ. ಮದ್ದೂರಿನಲ್ಲಿ ಕಬ್ಬಿಣದಂಗಡಿಯ ಮೇಲಿನ ಮಹಡಿಯಲ್ಲಿ ಆಫೀಸು. ಅದರಲ್ಲಿ ತಿರುಗುವ ಕುರ್ಚಿ ಒಂದೇ ಇತ್ತು, ಅದು ಅವನದು. ನಮ್ಮ ಕಡೆ ಒಬ್ಬ ಮನುಷ್ಯನ ತೂಕ ಅಳೆಯುವುದಕ್ಕೆ ಸಂಬಳ ಕೇಳುವುದಿಲ್ಲ. ‘ನಿನ್ ಕೈಕೆಳ್ಗೆ ಎಷ್ಟ್ ಜನ ಅವ್ರೆ?’ ಎಂದು ಕೇಳುತ್ತಾರೆ. ಪುಟ್ಟರಾಜು ತಲೆ ತುರಿಸದೆ, ‘ಏಳು’ ಎನ್ನುತ್ತಿದ್ದ. ರಜೆಯಲ್ಲಿ ಇಬ್ಬರು, ಸುಳ್ಳು ಹೇಳಿ ಮನೆಯಲ್ಲಿ ಮಲಗಿದವನೊಬ್ಬ, ಇವರನ್ನೆಲ್ಲ ಕಳೆದು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

ಅವನಿಗೆ ಇನ್ನೊಂದು ಹೆಮ್ಮೆಯಿತ್ತು, ಕನ್ನಡ. ಕಾಲೇಜಿನಲ್ಲಿ ಪ್ರಬಂಧ ಸ್ಪರ್ಧೆಯಲ್ಲಿ ಎರಡು ಸಲ ಬಹುಮಾನ ತೆಗೆದುಕೊಂಡವನು. ಕಂಪನಿಯ ಪತ್ರಗಳು ನೌಕರರಿಗೆ ಕನ್ನಡದಲ್ಲೂ ಹೋಗಬೇಕು ಎಂದು ಬೆಂಗಳೂರಿನ ದೊಡ್ಡ ಆಫೀಸು ತೀರ್ಮಾನಿಸಿದ ದಿನದಿಂದ, ಮಂಡ್ಯ ಕಚೇರಿಯ ಎಚ್.ಆರ್. ದೀಪಶ್ರೀ ಇಂಗ್ಲಿಷಿನ ಕಾಗದವನ್ನೆಲ್ಲ ಇವನಿಗೇ ಕಳಿಸುತ್ತಿದ್ದಳು. ‘ಸಾರ್, ನಿಮ್ಮ ಹಾಗೆ ಯಾರಿಗೂ ಬರೆಯೋಕೆ ಬರಲ್ಲ’ ಎಂದು ಅವಳು ಹೇಳಿದರೆ ಅವನು ಉಬ್ಬಿ, ಆವತ್ತಿನ ಮಾರಾಟದ ಲೆಕ್ಕವನ್ನೂ ಬದಿಗಿಟ್ಟು ಬರೆಯುತ್ತಿದ್ದ.

ಕಳೆದ ಜನವರಿಯಲ್ಲಿ ಅಂಥದೇ ಒಂದು ಕಾಗದ ಬಂತು. ಹೆಸರಿನ ಜಾಗ ಖಾಲಿ, ಊರಿನ ಜಾಗ ಖಾಲಿ. ಒಬ್ಬ ವ್ಯವಸ್ಥಾಪಕನನ್ನು ಆ ಹುದ್ದೆಯಿಂದ ತೆಗೆದು, ಕೈಕೆಳಗೆ ಯಾರೂ ಇಲ್ಲದೆ ತಾನೊಬ್ಬನೇ ಕೆಲಸ ಮಾಡುವ ಹುದ್ದೆಗೆ ಹಾಕುವ ಪತ್ರ. ಮದ್ದೂರು ಮತ್ತು ಮಳವಳ್ಳಿ ಪ್ರದೇಶಗಳು ಒಂದಾಗುತ್ತಿವೆ, ಇಬ್ಬರು ವ್ಯವಸ್ಥಾಪಕರ ಬದಲು ಒಬ್ಬರು ಸಾಕು ಎಂಬ ಕಾರಣ ಅದರಲ್ಲಿತ್ತು. ದೀಪಶ್ರೀ ಫೋನಿನಲ್ಲಿ, ‘ಯಾರಿಗೆ ಅಂತ ಇನ್ನೂ ತೀರ್ಮಾನ ಆಗಿಲ್ಲ ಸಾರ್, ಮಾದರಿ ಮಾತ್ರ ರೆಡಿ ಮಾಡ್ತಿದ್ದೀವಿ’ ಎಂದಳು. ಅವಳು ಹೇಳಿದ್ದು ನಿಜವೇ ಆಗಿತ್ತು. ಆದರೆ ಪುಟ್ಟರಾಜುವಿನ ತಲೆಯಲ್ಲಿ ತೀರ್ಮಾನ ಆಗಿ ಹೋಗಿತ್ತು.

ಮಳವಳ್ಳಿಯ ವ್ಯವಸ್ಥಾಪಕ ರವಿಚಂದ್ರ. ಹಿಂಡಿಗೂ ಬೂಸಕ್ಕೂ ವ್ಯತ್ಯಾಸ ತಿಳಿಯದವನು ಎಂಬುದು ಪುಟ್ಟರಾಜುವಿನ ಖಚಿತ ಅಭಿಪ್ರಾಯ. ಮಾರಾಟದಲ್ಲಿ ಹಿಂದೆ, ಮೀಟಿಂಗಿನಲ್ಲಿ ಮುಂದೆ. ಈ ಪತ್ರ ಅವನಿಗಲ್ಲದೆ ಇನ್ನಾರಿಗೆ? ಪುಟ್ಟರಾಜು ಎರಡು ಸಂಜೆ ಕೂತು, ನಾಲಗೆ ತುದಿ ಕಚ್ಚಿಕೊಂಡು, ತನ್ನ ಜೀವನದ ಅತ್ಯುತ್ತಮ ಕನ್ನಡವನ್ನು ಬರೆದ.

‘ಇದು ಹಿಂಬಡ್ತಿಯಲ್ಲ; ತಮ್ಮ ಅನುಭವವನ್ನು ಸಂಸ್ಥೆಯು ಹೊಸ ರೀತಿಯಲ್ಲಿ ಬಳಸಿಕೊಳ್ಳಲು ಬಯಸುತ್ತದೆ’ ಎಂದು ಬರೆದು ತಾನೇ ಮೆಚ್ಚಿಕೊಂಡ. ‘ತಮ್ಮ ಸಂಬಳ, ದರ್ಜೆ, ಭವಿಷ್ಯನಿಧಿ, ಸೇವಾವಧಿ ಯಾವುದರಲ್ಲಿಯೂ ಎಳ್ಳಷ್ಟೂ ಬದಲಾವಣೆಯಿಲ್ಲ’ ಎಂಬುದರಲ್ಲಿ ಎಳ್ಳಷ್ಟೂ ಎಂಬುದು ಅವನ ಸ್ವಂತ ಸೇರ್ಪಡೆ. ತಂಡದ ಮಾರಾಟದ ಮೇಲೆ ಸಿಗುತ್ತಿದ್ದ ಪ್ರೋತ್ಸಾಹಧನದ ಬದಲು ಸ್ವಂತ ಗುರಿಯ ಮೇಲೆ ಅಷ್ಟೇ ಮಿತಿಯ ಪ್ರೋತ್ಸಾಹಧನ ಎಂಬುದನ್ನೂ, ರಜೆ ಮತ್ತು ಖರ್ಚಿನ ಬಿಲ್ಲು ಮಂಜೂರು ಮಾಡುವ ಅಧಿಕಾರ ಹೊಸ ವ್ಯವಸ್ಥಾಪಕರಿಗೆ ಹೋಗುತ್ತದೆ ಎಂಬುದನ್ನೂ, ಚುಚ್ಚಿದ್ದೇ ಗೊತ್ತಾಗದ ಸೂಜಿಯ ಹಾಗೆ ನಯವಾಗಿ ಬರೆದ.

ತೊಡಕಾಗಿದ್ದು ಹುದ್ದೆಯ ಹೆಸರು. ಇಂಗ್ಲಿಷಿನಲ್ಲಿ ಇಂಡಿವಿಜುವಲ್ ಕಾಂಟ್ರಿಬ್ಯೂಟರ್ ಎಂದಿತ್ತು. ಏಕವ್ಯಕ್ತಿ ನೌಕರ ಎಂದು ಬರೆದು ಹೊಡೆದುಹಾಕಿದ. ಸ್ವತಂತ್ರ ಕಾರ್ಯಕರ್ತ ಎಂದರೆ ಎಲೆಕ್ಷನ್ನಿಗೆ ನಿಂತ ಹಾಗೆ ಕಂಡಿತು. ಕೊನೆಗೆ ‘ವೈಯಕ್ತಿಕ ಕೊಡುಗೆದಾರ’ ಎಂಬುದು ಹೊಳೆಯಿತು. ಎದ್ದು ನಿಂತು ಎರಡು ಸಲ ಗಟ್ಟಿಯಾಗಿ ಹೇಳಿ ನೋಡಿದ. ಒಳಗೆ ಏನೂ ಇಲ್ಲದಿದ್ದರೂ ಕೇಳುವುದಕ್ಕೆ ಭರ್ಜರಿಯಾಗಿತ್ತು. ರವಿಚಂದ್ರನಿಗೆ ಇಷ್ಟು ಸಾಕು ಎಂದುಕೊಂಡ.

ಕಡೆಯಲ್ಲೊಂದು ಸಾಲಿತ್ತು. ಈ ಬದಲಾವಣೆಯ ಬಗ್ಗೆ ಪ್ರಶ್ನೆ ಅಥವಾ ಆಕ್ಷೇಪವಿದ್ದರೆ ಸಹಿ ಮಾಡುವ ಮೊದಲು ಎಚ್.ಆರ್. ಜೊತೆ ಮಾತಾಡಬಹುದು ಎಂದು. ಪುಟ್ಟರಾಜು ಅದನ್ನು ಅನುವಾದಿಸಲೇ ಇಲ್ಲ. ದೀಪಶ್ರೀಗೆ ಫೋನು ಮಾಡಿ, ‘ಆ ಸಾಲು ಬೇಡಮ್ಮ. ಹಂಗೆಲ್ಲ ಸಲಿಗೆ ಕೊಟ್ರೆ ತಲೆ ಮೇಲೆ ಕೂತ್ಕೋತಾರೆ. ಸಂಬಳ ಅಷ್ಟೇ ಇದೆ ಅಂದ್ಮೇಲೆ ಮಾತಾಡೋಕೆ ಏನಿದೆ?’ ಎಂದ. ಹಿರಿಯರು ಹೇಳಿದ್ದಾರಲ್ಲ ಎಂದು ಅವಳೂ ಬಿಟ್ಟಳು.

ಮೂರು ವಾರ ಕಳೆದ ಮೇಲೆ, ಮಂಡ್ಯದ ಪ್ರಾದೇಶಿಕ ಮುಖ್ಯಸ್ಥ ಸುಧೀಂದ್ರ ಫೋನು ಮಾಡಿದರು. ಇಂಥ ಪತ್ರ ಕೊಡುವ ಮೊದಲು ಮೇಲಧಿಕಾರಿ ಎದುರಿಗೆ ಕೂತು ಮಾತಾಡಬೇಕು ಎಂಬುದು ಕಂಪನಿಯ ಪದ್ಧತಿ. ಸುಧೀಂದ್ರ ಪದ್ಧತಿಯನ್ನು ಬಿಡುವವರಲ್ಲ, ಕಾರಿನಲ್ಲಿ ಕೂತೇ ಅದನ್ನು ಮುಗಿಸಿದರು. ‘ಪುಟ್ಟರಾಜು, ಒಂದು ಒಳ್ಳೇ ಅವಕಾಶ. ಲೆಟರ್ ಬರುತ್ತೆ, ನೋಡಿ. ಹಲೋ... ಹಲೋ... ಕೇಳಿಸ್ತಿಲ್ಲ’ ಎಂದರು. ಇವನ ಕಡೆ ಎಲ್ಲ ಚೆನ್ನಾಗಿಯೇ ಕೇಳಿಸುತ್ತಿತ್ತು.

ಬಡ್ತಿಯೇ ಇರಬೇಕು, ಎರಡೂ ತಾಲ್ಲೂಕು ತನ್ನ ಕೈಗೆ ಬಂತು ಎಂದುಕೊಂಡು ಪುಟ್ಟರಾಜು ಕೆಳಗಿನ ಹೋಟೆಲಿನಿಂದ ಏಳೂ ಜನಕ್ಕೆ ಬಿಸಿಬಿಸಿ ಮದ್ದೂರು ವಡೆ ತರಿಸಿದ. ಅವರು ತಿನ್ನುತ್ತಿದ್ದಾಗ ಕೊರಿಯರಿನವನು ಬಂದ. ಲಕೋಟೆ ಒಡೆದು ಮೊದಲ ಸಾಲು ಓದಿದಾಗಲೇ ಪುಟ್ಟರಾಜುವಿಗೆ ಕನ್ನಡ ತುಂಬ ಪರಿಚಿತ ಅನ್ನಿಸಿತು. ಎರಡನೇ ಸಾಲಿಗೆ ಅನುಮಾನ ಉಳಿಯಲಿಲ್ಲ. ಎಲ್ಲವೂ ಅವನದೇ. ಅಲ್ಪವಿರಾಮ ಕೂಡ ಅವನು ಇಟ್ಟಲ್ಲೇ ಇತ್ತು. ಖಾಲಿ ಬಿಟ್ಟಿದ್ದ ಜಾಗಗಳು ಮಾತ್ರ ತುಂಬಿದ್ದವು. ‘ಶ್ರೀ ಪುಟ್ಟರಾಜು, ಮದ್ದೂರು.’

ಕಾರಣವನ್ನೂ ಬರೆದಿದ್ದರು. ಕಂಪನಿ ಕುರಿಗಳಿಗೆಂದೇ ಹೊಸ ಆಹಾರ ತರುತ್ತಿದೆ. ಕುರಿಗಳಿಗೆ ಹೆಸರಾದ ಬಂಡೂರಿನ ಸುತ್ತ ಅದನ್ನು ಬಳಕೆಗೆ ತರಲು, ಮೇವು ಬಲ್ಲ, ರೈತರು ನಂಬುವ ಒಬ್ಬ ತಜ್ಞ ಪೂರ್ಣ ಸಮಯ ಬೇಕು. ಹೋದ ವರ್ಷ ಬಂಡೂರಿನ ಮರಿಸಿದ್ದಯ್ಯನ ಕುರಿಗಳು ಹೊಟ್ಟೆ ಕೆಟ್ಟು ಒಂದೊಂದೇ ಮಲಗತೊಡಗಿದಾಗ, ಒಂದೇ ಸಲಕ್ಕೆ ಹೊಟ್ಟೆ ತುಂಬ ಕಾಳಿನ ಆಹಾರ ಸುರಿದದ್ದೇ ತಪ್ಪು ಎಂದು ಕಂಡುಹಿಡಿದವನು ಪುಟ್ಟರಾಜು. ಡಾಕ್ಟರನ್ನು ಕರೆಸಿ, ಕಾಳು ನಿಲ್ಲಿಸಿ, ಒಣಹುಲ್ಲು ಹಾಕಿಸಿ, ಆಮೇಲೆ ಹದಿನೈದು ದಿನದಲ್ಲಿ ಸ್ವಲ್ಪಸ್ವಲ್ಪವೇ ಅಭ್ಯಾಸ ಮಾಡಿಸಿದ್ದ. ಅದು ಅವನಿಗೆ ನಿಜಕ್ಕೂ ಬರುತ್ತಿದ್ದ ಕೆಲಸ. ರವಿಚಂದ್ರನಿಗೆ ಅದು ಬರುತ್ತಿರಲಿಲ್ಲ. ಆದ್ದರಿಂದ ರವಿಚಂದ್ರ ಎರಡೂ ಪ್ರದೇಶಕ್ಕೆ ವ್ಯವಸ್ಥಾಪಕನಾದ. ಕೆಲಸ ಬಲ್ಲವನಿಗೆ ಕೆಲಸ, ಬರದವನಿಗೆ ಕುರ್ಚಿ. ಲೆಕ್ಕ ಸರಿಯಾಗಿಯೇ ಇತ್ತು, ಅದಕ್ಕೇ ಪುಟ್ಟರಾಜುವಿಗೆ ಹೊಟ್ಟೆ ಉರಿಯಿತು. ವಡೆ ತಿಂದ ಏಳು ಜನ ಎದ್ದು ಬಂದು ಕೈಕುಲುಕಿ ಶುಭಾಶಯ ಹೇಳಿದರು. ಅವನು ನಗುತ್ತಾ ಪತ್ರವನ್ನು ಜೇಬಿಗೆ ಸೇರಿಸಿದ.

ಒಂದನೇ ತಾರೀಖಿನಿಂದ ಜಾರಿ. ಏಳು ದಿನದೊಳಗೆ ಪ್ರತಿಗೆ ಸಹಿ ಮಾಡಿ ವಾಪಸು ಕೊಡಬೇಕು. ಸಹಿ ಮಾಡಿದರೆ ಕೊಪ್ಪದಲ್ಲಿ ಬರೀ ಪುಟ್ಟರಾಜು. ಮಾಡದೆ ರಾಜೀನಾಮೆ ಬಿಸಾಕಿದರೆ ನಲವತ್ತೇಳರ ವಯಸ್ಸಿನಲ್ಲಿ ಕೆಲಸವಿಲ್ಲದ ಪುಟ್ಟರಾಜು. ಆ ರಾತ್ರಿ ಊಟ ಅರ್ಧಕ್ಕೆ ಬಿಟ್ಟು ಎದ್ದಾಗ ಹೆಂಡತಿ ಶ್ವೇತ ವಿಷಯ ಬಿಡಿಸಿ ಕೇಳಿದಳು. ಹೇಳಿದ. ಅವಳು ಸಮಾಧಾನವಾಗಿ ತಟ್ಟೆ ಎತ್ತುತ್ತಾ, ‘ಸಂಬ್ಳ ಅಷ್ಟೇ ಅಯ್ತಲ್ಲ, ಬುಡಿ’ ಎಂದಳು. ತಾನು ಬರೆದ ವಾಕ್ಯ ತನ್ನ ಮನೆಯ ಅಡುಗೆಮನೆಯಿಂದ ಕೇಳಿಸಿದ್ದು ಇದೇ ಮೊದಲು. ಅದು ಇಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂದು ಬರೆಯುವಾಗ ಗೊತ್ತಿರಲಿಲ್ಲ.

ಮಾರನೇ ದಿನ ಅವನು ಪತ್ರವನ್ನು ಟಿ.ವಿ. ಪಕ್ಕ ಮರೆತು ಹೋದ. ಅವನ ತಾಯಿ ದೇವೀರಮ್ಮನಿಗೆ ಓದು ಬಾರದು, ಮೇಲಾಗಿ ಇನ್ನೂ ಆಪರೇಷನ್ ಆಗದ ಒಂದು ಕಣ್ಣು ಮಂಜು. ಆದರೆ ಮೊಹರು ಇರುವ ಕಾಗದ ಎಂದರೆ ಮಗನಿಗೆ ಬಂದದ್ದು, ಮಗನಿಗೆ ಬಂದದ್ದು ಎಂದರೆ ಒಳ್ಳೆಯದೇ ಎಂಬುದು ಅವಳ ಲೆಕ್ಕ. ಬಾಗಿಲಲ್ಲಿ ಹೋಗುತ್ತಿದ್ದ ತಿಮ್ಮಯ್ಯನನ್ನು ಕರೆದು ಓದಿಸಿದಳು. ತಿಮ್ಮಯ್ಯ ಊರಿನ ಮಾರಮ್ಮನ ಗುಡಿ ಸಮಿತಿಯ ಅಧ್ಯಕ್ಷ. ವೈಯಕ್ತಿಕ ಕೊಡುಗೆದಾರ ಎಂಬಲ್ಲಿಗೆ ಬಂದದ್ದೇ ನಿಂತ.

‘ಏನ್ ದೇವೀರಕ್ಕ, ನಿನ್ ಮಗನ್ನ ಕಂಪ್ನಿಯೋರು ಕೊಡುಗೆದಾರ ಮಾಡವ್ರೆ ಕಣಕ್ಕ! ವೈಯಕ್ತಿಕ ಅಂದ್ರೆ ಸ್ವಂತದ್ದು. ಸ್ವಂತ ಕೊಡುಗೆದಾರ!’

ಅವನ ತಪ್ಪೇನೂ ಅಲ್ಲ. ನಮ್ಮ ಸೀಮೆಯಲ್ಲಿ ಬಸ್ ತಂಗುದಾಣದ ಕಲ್ಲುಬೆಂಚಿನ ಮೇಲೆ ‘ಕೊಡುಗೆ’, ಶಾಲೆಯ ಗೇಟಿನ ಮೇಲೆ ‘ಕೊಡುಗೆ’, ಗುಡಿಯ ಟ್ಯೂಬ್‌ಲೈಟಿನ ಮೇಲಂತೂ ಬೆಳಕು ಕಾಣದಷ್ಟು ದೊಡ್ಡದಾಗಿ ‘ಕೊಡುಗೆ’ ಎಂದು ದಾನಿಗಳ ಹೆಸರು ಬರೆದಿರುತ್ತದೆ. ಕೊಡುಗೆದಾರ ಎಂದರೆ ಇನ್ನೇನು ಅರ್ಥ ಮಾಡಿಕೊಳ್ಳಬೇಕು? ಅದೂ ಕಾಗದದಲ್ಲಿ ‘ಸಂಬಳದಲ್ಲಿ ಬದಲಾವಣೆಯಿಲ್ಲ’ ಎಂದೂ ಇತ್ತು. ಸಂಬಳ ಬೇರೆ, ದಾನ ಮಾಡಲು ಕಂಪನಿ ಕೊಡುವ ದುಡ್ಡು ಬೇರೆ ಎಂದು ತಿಮ್ಮಯ್ಯ ಬಿಡಿಸಿ ಹೇಳಿದ.

ಸಂಜೆ ಪುಟ್ಟರಾಜು ಬೈಕು ನಿಲ್ಲಿಸುವಷ್ಟರಲ್ಲಿ ಜಗಲಿಯ ಮೇಲೆ ಐದಾರು ಜನ ಕೂತಿದ್ದರು. ತಿಮ್ಮಯ್ಯ ಎದ್ದು ಅವನ ಹೆಗಲಿಗೆ ಟವಲ್ ಹಾಕಿದ.

‘ಮೇನೇಜರ್‌ಗಳು ಊರ್ಗ್ ಹತ್ ಜನ ಸಿಕ್ತಾರೆ ಕಣ್ಲಾ ಪುಟ್ಟರಾಜ. ಕೊಡುಗೆದಾರ ಆಗಕ್ಕೆ ಯೋಗ ಬೇಕು. ಮೊದ್ಲು ಗುಡಿಗೆ ನಾಕು ಬೆಂಚು ಹಾಕ್ಸು. ನಿನ್ ಹೆಸ್ರು ದಪ್ಪಕ್ ಬರುಸ್ತೀವಿ.’

ಅದು ಹಂಗಲ್ಲ ಮಾವ, ಎಂದು ಹೇಳಿಬಿಡಬಹುದಿತ್ತು. ಬಾಯಿ ತೆರೆದ. ಅಷ್ಟರಲ್ಲಿ ತಾಯಿ ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ಕಂಡಿತು. ‘ನೋಡಣ, ಮೇಲಿನವರನ್ನ ಕೇಳ್ಬೇಕು’ ಎಂದ. ಸುಳ್ಳಲ್ಲ. ಇನ್ನು ಮುಂದೆ ಅವನು ಎಲ್ಲದಕ್ಕೂ ಮೇಲಿನವರನ್ನೇ ಕೇಳಬೇಕಿತ್ತು, ಮೇಲಿನವನು ರವಿಚಂದ್ರ ಎಂಬುದನ್ನು ಮಾತ್ರ ಹೇಳಲಿಲ್ಲ.

ಏಳು ದಿನದಲ್ಲಿ ಐದು ಮುಗಿದವು. ಆರನೇ ದಿನ ಬೆಳಿಗ್ಗೆ ಬಸ್ಸು ಹತ್ತಿ ಮಂಡ್ಯಕ್ಕೆ ಹೋಗಿ ದೀಪಶ್ರೀಯ ಎದುರು ಕೂತ. ಬಸ್ಸಿನಲ್ಲಿ ಉರು ಹೊಡೆದ ಮಾತೆಲ್ಲ ಅವಳ ಮುಖ ಕಂಡದ್ದೇ ಹಾರಿಹೋಯಿತು.

‘ಈ ಪತ್ರದಲ್ಲಿ ಒಂದು ಸಾಲು ಇಲ್ಲವಲ್ಲಮ್ಮ’ ಎಂದ. ‘ಸಹಿಗೆ ಮೊದಲು ಮಾತಾಡಬಹುದು ಅನ್ನೋದು. ನೌಕರನಿಗೆ ಅಷ್ಟಾದರೂ ಹಕ್ಕು ಬೇಡವಾ?’

ದೀಪಶ್ರೀ ಒಳ್ಳೆಯ ಹುಡುಗಿ, ಅದಕ್ಕೇ ಕಣ್ಣನ್ನು ಮೇಜಿನ ಕಡೆ ತಿರುಗಿಸಿದಳು. ಪೆನ್ನನ್ನು ಈ ಕಡೆಯಿಂದ ಆ ಕಡೆಗಿಟ್ಟಳು. ‘ಅದನ್ನ ನೀವೇ ಬೇಡ ಅಂದ್ರಲ್ಲ ಸಾರ್’ ಎಂದಳು, ಸಣ್ಣ ದನಿಯಲ್ಲಿ.

‘ಅದು ರವಿಚಂದ್ರನಿಗೆ ಅಂತ...’ ಎನ್ನುತ್ತ ಪುಟ್ಟರಾಜು ಅಲ್ಲಿಗೇ ನಿಲ್ಲಿಸಿದ. ನಿಲ್ಲಿಸಿದ್ದು ತಡವಾಯಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನಿಗೆ ಹಿಂದೆಂದೂ ಆಗಿರಲಿಲ್ಲ. ಪರರಿಗೆಂದು ಮುಚ್ಚಿದ ಬಾಗಿಲನ್ನು ತಾನೇ ತಟ್ಟುತ್ತಾ ಕೂತಿದ್ದ.

‘ಸಾಲು ಇಲ್ಲದಿದ್ರೂ ಮಾತಾಡೋ ಅವಕಾಶ ಇದ್ದೇ ಇದೆ ಸಾರ್, ಅದು ಕಂಪನಿ ನಿಯಮ’ ಎಂದು ಅವಳೇ ಎದ್ದು ಸುಧೀಂದ್ರರ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ನೆಟ್‌ವರ್ಕ್ ತೊಂದರೆ ಇರಲಿಲ್ಲ, ಆದ್ದರಿಂದ ಸುಧೀಂದ್ರ ಮಾತಾಡಲೇಬೇಕಾಯಿತು.

‘ನಿಮ್ಮ ಕೆಲಸದಲ್ಲಿ ತಪ್ಪಿದೆ ಅಂತ ಅಲ್ಲ. ಪತ್ರದಲ್ಲೇ ಬರೆದಿದ್ದೀವಿ, ಇದು ಹಿಂಬಡ್ತಿ ಅಲ್ಲ ಅಂತ. ಏನು ಬೇಕು ಹೇಳಿ, ಸಂಬಳ ಅಷ್ಟೇ ಇದೆಯಲ್ಲ?’

‘ಸಂಬಳ ಅಷ್ಟೇ ಇದೆ ಸಾರ್. ಕೈಕೆಳಗೆ ಒಬ್ಬನನ್ನಾದ್ರೂ ಕೊಡಿ.’

‘ಒಬ್ಬನನ್ನ ಕೊಟ್ರೆ ನೀವು ಮತ್ತೆ ವ್ಯವಸ್ಥಾಪಕ ಆದ ಹಾಗಾಯ್ತಲ್ಲ. ಎರಡು ಪ್ರದೇಶ ಒಂದು ಮಾಡಿದ್ದೇ ಒಂದು ಹುದ್ದೆಯ ಖರ್ಚು ಉಳಿಸೋಕೆ.’

ಅರ್ಧ ಗಂಟೆ ಚೌಕಾಸಿ ನಡೆದು ಕೊನೆಗೆ ಸಿಕ್ಕಿದ್ದು ಎರಡು. ಮಾದರಿ ಪತ್ರಕ್ಕೆ ಆ ಬಿಟ್ಟ ಸಾಲು ಮತ್ತೆ ಸೇರುತ್ತದೆ, ಮುಂದೆ ಯಾರಿಗೆ ಹೋದರೂ. ಇವನ ವಿಸಿಟಿಂಗ್ ಕಾರ್ಡಿನಲ್ಲಿ ಕೊಡುಗೆದಾರ ಎಂದಿರದೆ ‘ಹಿರಿಯ ಮೇವು ತಜ್ಞ’ ಎಂದಿರುತ್ತದೆ. ಹಿರಿಯ ಎಂಬುದಕ್ಕೆ ಕಂಪನಿಗೆ ಖರ್ಚೇನೂ ಬೀಳುವುದಿಲ್ಲವಾದ್ದರಿಂದ ಸುಧೀಂದ್ರ ಧಾರಾಳವಾಗಿ ಒಪ್ಪಿದರು. ಪುಟ್ಟರಾಜು ಅಲ್ಲೇ ಸಹಿ ಹಾಕಿದ. ಹನ್ನೊಂದು ವರ್ಷ ಸಹಿಯ ಕೆಳಗೆ ಬರೆಯುತ್ತಿದ್ದ ‘ವ್ಯವಸ್ಥಾಪಕ’ ಅಭ್ಯಾಸಬಲದಿಂದ ಅರ್ಧ ಬರೆದೂ ಬಿಟ್ಟಿದ್ದ, ಹೊಡೆದು ಹಾಕಬೇಕಾಯಿತು.

ಊರಿಗೆ ಬಂದಾಗ ದೇವೀರಮ್ಮ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ತಿಮ್ಮಯ್ಯ ಬೆಂಚಿನ ಅಳತೆ ತೆಗೆಸಿದ್ದಾನಂತೆ ಎಂದಳು. ಪುಟ್ಟರಾಜು ಚಪ್ಪಲಿಯನ್ನೂ ಬಿಡದೆ ಅವಳ ಪಕ್ಕ ಕೂತುಬಿಟ್ಟ.

‘ಅವ್ವಾ, ತಿಮ್ಮಯ್ಯ ಮಾವ ಓದಿದ್ದು ತಪ್ಪು. ಕೊಡುಗೆದಾರ ಅಂದ್ರೆ ದಾನಿ ಅಲ್ಲ ಕಣವ್ವ. ನಾನಿನ್ನು ಮೇನೇಜರ್ ಅಲ್ಲ. ಸಂಬ್ಳ ಅಷ್ಟೇ. ಆದ್ರೆ ನನ್ ಕೈಕೆಳ್ಗೆ ಯಾರೂ ಇಲ್ಲ.’

ದೇವೀರಮ್ಮ ಸೊಪ್ಪಿನ ಕಡ್ಡಿಯನ್ನು ಬದಿಗೆ ಹಾಕಿದಳು. ಅಳುತ್ತಾಳೆ ಎಂದು ಅವನು ಕಾದ. ಅವಳು ಅಳಲಿಲ್ಲ.

‘ಯಾರೂ ಇಲ್ವಾ?’

‘ಒಬ್ರೂ ಇಲ್ಲ.’

‘ಅಂಗಾರೆ ಈ ಕಣ್ಣಿನ ಆಪ್ರೇಸನ್‌ಗೆ ನೀನೇ ಬತ್ತೀಯಾ?’

ಪುಟ್ಟರಾಜು ಬಗ್ಗಿ ಚಪ್ಪಲಿ ಬಿಚ್ಚತೊಡಗಿದ.

‘ಓದ್ ಸಲ ಆ ಕಣ್ಣಿಗೆ ನಿಮ್ ಗೋಡೌನಿನ ನಾಗಯ್ಯನ್ನ ಕಳಿಸ್ದೆ. ನಾಗಯ್ಯ ಒಳ್ಳೇವ್ನು, ತಪ್ಪು ಹೇಳ್ಬಾರ್ದು. ಕೈ ಹಿಡ್ಕಂಡ್ ನಡೆಸ್ದ, ಕಾಪಿ ತಂದ್ಕೊಟ್ಟ. ಆದ್ರೆ ಪಟ್ಟಿ ಬಿಚ್ದಾಗ ಮೊದ್ಲು ಕಂಡಿದ್ದು ಅವನ್ ಮೊಕ ಕಣಪ್ಪ. ನೀನು ಮೀಟಿಂಗಲ್ಲಿದ್ದೆ.’

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ದೂರು ಹೇಳುತ್ತಿರಲಿಲ್ಲ, ನಡೆದದ್ದನ್ನು ಹೇಳಿ ಮತ್ತೆ ಸೊಪ್ಪು ಬಿಡಿಸತೊಡಗಿದಳು. ಒಂದೇ ಸೂರಿನ ಕೆಳಗೆ ಇದ್ದುಕೊಂಡು, ಹನ್ನೊಂದು ವರ್ಷ ತಾಯಿ ಏನು ಕೇಳಿದರೂ ‘ಯಾರನ್ನಾದರೂ ಕಳಿಸ್ತೀನಿ’ ಎಂದದ್ದು ಅವನಿಗೆ ಒಂದೊಂದಾಗಿ ನೆನಪಾಯಿತು. ಎದ್ದು ಹೋಗಿ ಎಮ್ಮೆಗೆ ನೀರು ತೋರಿಸಿದ. ಎಮ್ಮೆ ಆಗಷ್ಟೇ ಕುಡಿದಿತ್ತು.

ಆಪರೇಷನ್ನಿಗೆ ಗೊತ್ತು ಮಾಡಿದ್ದ ಸೋಮವಾರದ ಹೊತ್ತಿಗೆ ಒಂದನೇ ತಾರೀಖು ಕಳೆದಿತ್ತು. ರಜೆಯನ್ನು ಫೋನಿನ ಆ್ಯಪಿನಲ್ಲಿ ಕೇಳಬೇಕು, ಮಂಜೂರು ಮಾಡುವವನು ರವಿಚಂದ್ರ. ಹತ್ತು ನಿಮಿಷಕ್ಕೆ ರವಿಚಂದ್ರನೇ ಫೋನು ಮಾಡಿದ. ಹೊಸ ಕುರ್ಚಿಯ ದನಿ ಇನ್ನೂ ಅವನಿಗೆ ಸರಿಯಾಗಿ ಕೂತಿರಲಿಲ್ಲ.

‘ಸೋಮವಾರ, ಮಂಗಳವಾರ ಬಂಡೂರಲ್ಲಿ ಕುರಿಯವರ ಸಭೆ ಇದೆಯಲ್ಲ. ಆಸ್ಪತ್ರೆಗೆ ಯಾರನ್ನಾದ್ರೂ ಕಳಿಸೋಕಾಗಲ್ವಾ?’

‘ಕಳಿಸೋಕೆ ಯಾರಿದ್ದಾರೆ ಸಾರ್?’ ಎಂದ ಪುಟ್ಟರಾಜು. ರವಿಚಂದ್ರನನ್ನು ಸಾರ್ ಎಂದದ್ದು ಅದೇ ಮೊದಲ ಸಲ. ನಾಲಗೆಗೇನೂ ಗಾಯವಾಗಲಿಲ್ಲ. ‘ಸಭೆ ಬುಧವಾರಕ್ಕೆ ಇಟ್ಕೊಳ್ಳಿ. ಮರಿಸಿದ್ದಯ್ಯನಿಗೆ ನಾನೇ ಹೇಳ್ತೀನಿ.’ ಕುರಿಯವರ ಜೊತೆ ಒಬ್ಬನೇ ಸಭೆ ನಡೆಸುವುದನ್ನು ನೆನೆಸಿಕೊಂಡ ರವಿಚಂದ್ರ ಎರಡೂ ದಿನದ ರಜೆಯನ್ನು ಕೂಡಲೇ ಮಂಜೂರು ಮಾಡಿದ.

ಮಂಗಳವಾರ ಬೆಳಿಗ್ಗೆ ಮಂಡ್ಯದ ಆಸ್ಪತ್ರೆಯಲ್ಲಿ ನರ್ಸು ದೇವೀರಮ್ಮನ ಕಣ್ಣಿನ ಪಟ್ಟಿ ಬಿಚ್ಚುವಾಗ, ಪುಟ್ಟರಾಜು ಇಸ್ತ್ರಿ ಮಾಡಿದ ಶರ್ಟು ಹಾಕಿ, ತಲೆ ಬಾಚಿ, ಎದುರಿಗೆ ನೆಟ್ಟಗೆ ನಿಂತಿದ್ದ. ದೇವೀರಮ್ಮ ರೆಪ್ಪೆ ಬಡಿದಳು, ನೀರು ಒರೆಸಿಕೊಂಡಳು, ಮಗನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಕುತ್ತಿಗೆ ಓರೆ ಮಾಡಿ ಅವನ ಬೆನ್ನ ಹಿಂದೆ ಹುಡುಕಿದಳು.

‘ಯಾಕ್ಲಾ, ನಾಗಯ್ಯ ಬರ್ಲಿಲ್ವಾ?’